ಸ್ಟೇಬಲ್‌ಫರ್ಡ್ ಲೆಕ್ಕ: ಒಂದು ಹೋಲ್ ಕೆಟ್ಟರೂ ಕಾರ್ಡ್ ಕೆಡದಂತೆ ಆಡುವುದು, ಬರೆಯುವುದು

ಗಾಲ್ಫ್‌ನಲ್ಲಿ ಹೊಡೆತಗಳ ಮೊತ್ತದ ಬದಲು ಪ್ರತಿ ಹೋಲ್‌ಗೆ ಇಷ್ಟು ಪಾಯಿಂಟ್ ಎಂದು ಎಣಿಸುವ ಪದ್ಧತಿ ಸ್ಟೇಬಲ್‌ಫರ್ಡ್. ಅದರ ಕಾರ್ಡ್‌ನಲ್ಲಿ ಹೊಸಬರು ಮಾಡುವ ತಪ್ಪುಗಳು ಎಲ್ಲ ಕ್ಲಬ್‌ಗಳಲ್ಲೂ ಹೆಚ್ಚುಕಡಿಮೆ ಒಂದೇ. ಆಟಗಾರರ ಮಟ್ಟಕ್ಕೆ ತಕ್ಕಂತೆ ಸಿಗುವ ರಿಯಾಯಿತಿ, ಅಂದರೆ ಹ್ಯಾಂಡಿಕ್ಯಾಪ್ ಹೊಡೆತಗಳನ್ನು ಯಾವ ಹೋಲ್‌ನಲ್ಲಿ ಎಷ್ಟು ಕಳೆಯಬೇಕೆಂದು ಗೊತ್ತಿರುವುದಿಲ್ಲ. ಪಾಯಿಂಟ್ ಬರುವ ಆಸೆ ಮುಗಿದ ಮೇಲೂ ಚೆಂಡನ್ನು ಅಟ್ಟಿಸಿಕೊಂಡು ಹೋಗುತ್ತಾರೆ. ಕೊನೆಗೆ ಕಾರ್ಡ್‌ನಲ್ಲಿ ಪಾಯಿಂಟ್ ಮಾತ್ರ ಬರೆದು, ಎಷ್ಟು ಹೊಡೆತವಾಯಿತು ಎಂಬುದನ್ನೇ ಬಿಟ್ಟಿರುತ್ತಾರೆ. ಈ ಮೂರಕ್ಕೂ ಕಾರಣ ಒಂದೇ: ಲೆಕ್ಕವನ್ನು ಹೋಲ್ ಮುಗಿದ ಮೇಲೆ ಶುರು ಮಾಡುವುದು. ಸ್ಟೇಬಲ್‌ಫರ್ಡ್‌ನ ಲೆಕ್ಕ ಮೊದಲ ಟೀಗೆ ಹೋಗುವ ಮುಂಚೆಯೇ ಆಗಿರಬೇಕು. ಹೊಡೆಯುವಾಗ ತಲೆಯಲ್ಲಿ ಒಂದೇ ಒಂದು ಸಂಖ್ಯೆ ಇದ್ದರೆ ಸಾಕು.

## ಮೊದಲು ಪಾಯಿಂಟ್ ಪಟ್ಟಿ

ಪ್ರತಿ ಹೋಲ್‌ನಲ್ಲಿ ನೀವು ಹೊಡೆದ ಒಟ್ಟು ಹೊಡೆತ, ದಂಡದ ಹೊಡೆತವೂ ಸೇರಿ, ಗ್ರಾಸ್. ಅದರಲ್ಲಿ ಆ ಹೋಲ್‌ಗೆ ನಿಮಗೆ ಸಿಗುವ ಹ್ಯಾಂಡಿಕ್ಯಾಪ್ ಹೊಡೆತ ಕಳೆದರೆ ನೆಟ್. ಆ ಹೋಲ್‌ಗೆ ನಿಗದಿಯಾದ ಹೊಡೆತಗಳ ಸಂಖ್ಯೆಯೇ ಪಾರ್; ನೆಟ್ಟನ್ನು ಅದರ ಜೊತೆ ಹೋಲಿಸಿ ಪಾಯಿಂಟ್ ಕೊಡುತ್ತಾರೆ.

| ನೆಟ್ ಸ್ಕೋರ್ | ಪಾಯಿಂಟ್ |
|---|---|
| ಪಾರ್‌ಗಿಂತ 2 ಅಥವಾ ಇನ್ನೂ ಹೆಚ್ಚು | 0 |
| ಪಾರ್‌ಗಿಂತ 1 ಹೆಚ್ಚು | 1 |
| ಸರಿಯಾಗಿ ಪಾರ್ | 2 |
| ಪಾರ್‌ಗಿಂತ 1 ಕಡಿಮೆ | 3 |
| ಪಾರ್‌ಗಿಂತ 2 ಕಡಿಮೆ | 4 |

ಇನ್ನೂ ಕಡಿಮೆಯಾದರೆ 5, 6 ಎಂದು ಏರುತ್ತದೆ; ಹೊಸಬರಿಗೆ ಅದರ ಗೊಡವೆ ಬೇಡ. ಹೆಚ್ಚು ಪಾಯಿಂಟ್ ತೆಗೆದವರು ಗೆಲ್ಲುತ್ತಾರೆ. ಪ್ರತಿ ಹೋಲ್‌ನಲ್ಲೂ 2 ಬಂದರೆ 18 ಹೋಲ್‌ಗೆ 36. ಅಂದರೆ 36 ಬಂದ ದಿನ ನೀವು ನಿಮ್ಮ ಹ್ಯಾಂಡಿಕ್ಯಾಪ್‌ಗೆ ತಕ್ಕಂತೆ ಆಡಿದ್ದೀರಿ.

ಪಟ್ಟಿಯ ಮೊದಲ ಸಾಲನ್ನು ಇನ್ನೊಮ್ಮೆ ನೋಡಿ. ಕೆಳಗಡೆಗೆ ಮಿತಿಯಿದೆ. ನೆಟ್ ಪಾರ್‌ಗಿಂತ 2 ಹೆಚ್ಚಾದರೂ ಸೊನ್ನೆ, 9 ಹೆಚ್ಚಾದರೂ ಸೊನ್ನೆ. ಹೊಸಬರಿಗೆ ಈ ಪದ್ಧತಿ ಒಗ್ಗುವುದು ಈ ಒಂದು ಸಾಲಿನಿಂದ.

## ಹಂತ 1: ಅಂದಿನ ಹ್ಯಾಂಡಿಕ್ಯಾಪ್ ಕೇಳಿ ತಿಳಿದುಕೊಳ್ಳಿ

ಹ್ಯಾಂಡಿಕ್ಯಾಪ್ ಎಂಬ ಹೆಸರಿನಲ್ಲಿ ಮೂರು ಸಂಖ್ಯೆಗಳು ಓಡಾಡುತ್ತವೆ, ಗೊಂದಲ ಹುಟ್ಟುವುದು ಅಲ್ಲೇ. ದಶಾಂಶ ಇರುವುದು ಹ್ಯಾಂಡಿಕ್ಯಾಪ್ ಇಂಡೆಕ್ಸ್. ಅದು ನಿಮ್ಮ ಜೊತೆ ಊರೂರಿಗೆ ಬರುತ್ತದೆ. ಆಡುವ ಕೋರ್ಸ್ ಮತ್ತು ಟೀಯ ಕಷ್ಟಕ್ಕೆ ತಕ್ಕಂತೆ ಅದು ಕೋರ್ಸ್ ಹ್ಯಾಂಡಿಕ್ಯಾಪ್ ಆಗುತ್ತದೆ. ಅದರಿಂದ ಅಂದಿನ ಸ್ಪರ್ಧೆಗೆಂದು ಬರುವುದು ಪ್ಲೇಯಿಂಗ್ ಹ್ಯಾಂಡಿಕ್ಯಾಪ್. ಒಬ್ಬೊಬ್ಬರೇ ಆಡುವ ಸ್ಟೇಬಲ್‌ಫರ್ಡ್‌ಗೆ ಸಾಮಾನ್ಯವಾಗಿ ಶೇ. 95 ಹಿಡಿಯುತ್ತಾರೆ. ಕೋರ್ಸ್ ಹ್ಯಾಂಡಿಕ್ಯಾಪ್ 29 ಇದ್ದರೆ ಅದರ ಶೇ. 95 ಎಂದರೆ 27.55, ಹತ್ತಿರದ ಪೂರ್ಣ ಸಂಖ್ಯೆ 28.

ಪಾಯಿಂಟ್ ಲೆಕ್ಕಕ್ಕೆ ಬೇಕಾಗುವುದು ಈ ಕೊನೆಯ ಸಂಖ್ಯೆ ಮಾತ್ರ. ನೀವೇ ಗುಣಿಸಿಕೊಂಡು ಕೂರಬೇಡಿ, ಸ್ಟಾರ್ಟರ್ ಬಳಿಯೋ ಕ್ಲಬ್ ಕಚೇರಿಯಲ್ಲೋ ಕೇಳಿ. ಕೇಳುವಾಗ ಯಾವ ಟೀಯಿಂದ ಆಡುತ್ತೀರೆಂದು ಹೇಳಿ. ಹಿಂದಿನ ಟೀ ಬಿಟ್ಟು ಮುಂದಿನ ಟೀಗೆ ಬಂದರೆ ಹ್ಯಾಂಡಿಕ್ಯಾಪ್ ಇಳಿಯುತ್ತದೆ, ಹಳೆಯ ಸಂಖ್ಯೆಯನ್ನೇ ಇಟ್ಟುಕೊಂಡರೆ ಇಡೀ ಕಾರ್ಡ್ ತಪ್ಪು.

ಇಂಡೆಕ್ಸ್‌ನ ಗರಿಷ್ಠ ಮಿತಿ 54. ಆದರೆ ಸ್ಪರ್ಧೆ ನಡೆಸುವ ಸಮಿತಿ ತನ್ನದೇ ಮಿತಿ ಇಡಬಹುದು. ನಿಮ್ಮದು 40, ಅಂದಿನ ಮಿತಿ 28 ಎಂದಿದ್ದರೆ ನೀವು ಆಡಬೇಕಾದ್ದು 28ಕ್ಕೆ. ಅಂಥ ದಿನ 36 ಪಾಯಿಂಟ್ ನಿರೀಕ್ಷಿಸಿ ಬೇಜಾರಾಗಬೇಡಿ, 12 ಹೊಡೆತ ಬಿಟ್ಟುಕೊಟ್ಟು ಶುರು ಮಾಡಿದ್ದೀರಿ.

## ಹಂತ 2: ಕಾರ್ಡ್ ಮೇಲೆ ಚುಕ್ಕೆ ಹಾಕಿ

ಇದಕ್ಕೆ ಬೇಕಾದ್ದು ಒಂದು ಪೆನ್ಸಿಲ್, ಐದು ನಿಮಿಷ. ಪ್ರಾಕ್ಟೀಸ್ ಗ್ರೀನ್ ಪಕ್ಕದ ಬೆಂಚಿನಲ್ಲಿ ಕೂತು ಮಾಡಿ. ಮೊದಲ ಟೀ ಮೇಲೆ ಮಾಡುತ್ತೇನೆಂದರೆ ಆಗುವುದಿಲ್ಲ.

ಕಾರ್ಡ್‌ನಲ್ಲಿ ಪ್ರತಿ ಹೋಲ್‌ನ ಎದುರು ಪಾರ್ ಜೊತೆಗೆ ಸ್ಟ್ರೋಕ್ ಇಂಡೆಕ್ಸ್ ಎಂಬ ಕಾಲಂ ಇರುತ್ತದೆ, 1ರಿಂದ 18ರವರೆಗೆ. ನಿಮ್ಮ ಹೊಡೆತಗಳು ಯಾವ ಹೋಲ್‌ಗೆ ಮೊದಲು ಸಲ್ಲಬೇಕು ಎಂಬ ಸರದಿ ಅದು. ಹೋಲ್ ನಂಬರಿಗೂ ಅದಕ್ಕೂ ಸಂಬಂಧವಿಲ್ಲ. ಮೊದಲನೇ ಹೋಲ್‌ನ ಸ್ಟ್ರೋಕ್ ಇಂಡೆಕ್ಸ್ 9 ಇರಬಹುದು, ನಾಲ್ಕನೆಯದರದು 1 ಇರಬಹುದು. ಈ ಎರಡು ಕಾಲಂಗಳನ್ನು ಅದಲುಬದಲು ಓದುವುದೇ ಅತಿ ಸಾಮಾನ್ಯವಾದ ತಪ್ಪು. ಮಹಿಳೆಯರಿಗೆ ಬೇರೆ ಸ್ಟ್ರೋಕ್ ಇಂಡೆಕ್ಸ್ ಸಾಲು ಇರುವ ಕಾರ್ಡ್‌ಗಳೂ ಇವೆ, ನಿಮ್ಮ ಸಾಲನ್ನೇ ನೋಡಿಕೊಳ್ಳಿ.

ಒಂದು ಚುಕ್ಕೆ ಎಂದರೆ ಒಂದು ಹ್ಯಾಂಡಿಕ್ಯಾಪ್ ಹೊಡೆತ, ಹಂಚುವ ಕ್ರಮ ಹೀಗೆ. ಪ್ಲೇಯಿಂಗ್ ಹ್ಯಾಂಡಿಕ್ಯಾಪ್ 18ರೊಳಗಿದ್ದರೆ, ಸ್ಟ್ರೋಕ್ ಇಂಡೆಕ್ಸ್ ಅಷ್ಟರವರೆಗಿನ ಹೋಲ್‌ಗಳಿಗೆ ಒಂದೊಂದು ಚುಕ್ಕೆ. 18 ದಾಟಿದ್ದರೆ ಎಲ್ಲಾ ಹೋಲ್‌ಗೂ ಒಂದು ಚುಕ್ಕೆ ಹಾಕಿ, ಉಳಿದದ್ದನ್ನು ಮತ್ತೆ ಸ್ಟ್ರೋಕ್ ಇಂಡೆಕ್ಸ್ 1ರಿಂದ ಹಂಚಿ. 28 ಇದ್ದವರಿಗೆ ಎಲ್ಲಾ ಹೋಲ್‌ಗೂ ಒಂದು, ಉಳಿದ 10 ಚುಕ್ಕೆ ಸ್ಟ್ರೋಕ್ ಇಂಡೆಕ್ಸ್ 1ರಿಂದ 10ರವರೆಗಿನ ಹೋಲ್‌ಗಳಿಗೆ. 36 ಇದ್ದರೆ ಎಲ್ಲಕ್ಕೂ ಎರಡು, 54 ಇದ್ದರೆ ಎಲ್ಲಕ್ಕೂ ಮೂರು.

ಹಾಕಿದ ಮೇಲೆ ಚುಕ್ಕೆಗಳನ್ನೆಲ್ಲ ಎಣಿಸಿ. ಮೊತ್ತ ನಿಮ್ಮ ಪ್ಲೇಯಿಂಗ್ ಹ್ಯಾಂಡಿಕ್ಯಾಪ್‌ಗೆ ಸರಿಹೋಗದಿದ್ದರೆ ಎಲ್ಲೋ ಜಾರಿದ್ದೀರಿ.

## ಹಂತ 3: ಪ್ರತಿ ಹೋಲ್‌ಗೂ ‘ಕಡೇ ಹೊಡೆತ’ ಬರೆದುಕೊಳ್ಳಿ

ಕಾರ್ಡ್‌ನಲ್ಲಿ ಅಚ್ಚಾಗಿರದ ಸಂಖ್ಯೆ ಇದು, ಆದರೆ ಆಟದಲ್ಲಿ ಉಪಯೋಗಕ್ಕೆ ಬರುವುದು ಇದೇ. ಒಂದಾದರೂ ಪಾಯಿಂಟ್ ಸಿಗಬೇಕಾದರೆ ಎಷ್ಟನೇ ಹೊಡೆತದೊಳಗೆ ಚೆಂಡು ಗುಂಡಿಗೆ ಬೀಳಬೇಕು?

```
ಕಡೇ ಹೊಡೆತ = ಪಾರ್ + ಚುಕ್ಕೆ + 1
```

ಪಾರ್ 4, ಎರಡು ಚುಕ್ಕೆ ಇದ್ದರೆ 7. ಪಾರ್ 3, ಒಂದು ಚುಕ್ಕೆ ಇದ್ದರೆ 5. ಈ ಸಂಖ್ಯೆಯನ್ನು ಹೋಲ್‌ನ ಪಕ್ಕ ಸಣ್ಣದಾಗಿ ಬರೆದು ಸುತ್ತು ಹಾಕಿ.

ಇದೊಂದಿದ್ದರೆ ಪಾಯಿಂಟ್ ಎಣಿಸುವುದೂ ಬೆರಳ ಮೇಲಿನ ಲೆಕ್ಕ. ಕಡೇ ಹೊಡೆತದಲ್ಲೇ ಮುಗಿದರೆ 1, ಒಂದು ಮುಂಚೆ ಮುಗಿದರೆ 2, ಎರಡು ಮುಂಚೆ ಮುಗಿದರೆ 3. ನೆಟ್ ಕಳೆಯುವುದು, ಪಾರ್ ಜೊತೆ ಹೋಲಿಸುವುದು, ಪಟ್ಟಿ ನೋಡುವುದು ಯಾವುದೂ ಬೇಕಿಲ್ಲ. ಬಿಸಿಲಲ್ಲಿ ಹದಿನಾಲ್ಕನೇ ಹೋಲ್ ಹೊತ್ತಿಗೆ ಕಳೆಯುವ ಲೆಕ್ಕ ತಪ್ಪುತ್ತದೆ, ಇದು ತಪ್ಪುವುದಿಲ್ಲ.

## ಹಂತ 4: ಹೊಡೆತ ಪ್ರಾಮಾಣಿಕವಾಗಿ ಎಣಿಸಿ

ಹೊಡೆಯಲೆಂದೇ ಬೀಸಿ ಚೆಂಡಿಗೆ ತಾಗದೇ ಹೋದರೂ ಅದು ಒಂದು ಹೊಡೆತ. ಅಭ್ಯಾಸಕ್ಕೆಂದು ಬೀಸಿದ್ದು ಲೆಕ್ಕಕ್ಕಿಲ್ಲ. ನೀರಿಗೆ ಬಿದ್ದರೆ ಒಂದು ದಂಡ. ಚೆಂಡು ಗಡಿಯಾಚೆ ಹೋದರೂ, ಮೂರು ನಿಮಿಷ ಹುಡುಕಿ ಸಿಗದಿದ್ದರೂ ಒಂದು ದಂಡ, ಜೊತೆಗೆ ಮೊದಲಿದ್ದ ಜಾಗದಿಂದಲೇ ಮತ್ತೆ ಹೊಡೆತ. ಟೀಯಿಂದ ಹೊಡೆದ ಚೆಂಡು ಗಡಿ ದಾಟಿದರೆ ಟೀಯಿಂದಲೇ ಮತ್ತೆ ಹೊಡೆಯುವುದು ಮೂರನೆಯದು, ಎರಡನೆಯದಲ್ಲ.

ಎಣಿಕೆ ತಪ್ಪುವುದು ಚೆನ್ನಾಗಿ ಆಡಿದ ಹೋಲ್‌ನಲ್ಲಲ್ಲ, ಬಂಕರ್‌ನಲ್ಲಿ ಮೂರು ಸಲ ಮರಳು ಎರಚಿದಾಗ. ಜೇಬಿನಲ್ಲಿ ಚೆಂಡು ಕೂರಿಸುವ ಒಂದಷ್ಟು ಟೀ ಕಡ್ಡಿ ಇಟ್ಟುಕೊಂಡು, ಪ್ರತಿ ಹೊಡೆತಕ್ಕೂ ಒಂದನ್ನು ಎಡ ಜೇಬಿನಿಂದ ಬಲ ಜೇಬಿಗೆ ಹಾಕಿ. ಕ್ಯಾಡಿ ಎಣಿಸುತ್ತಿರಬಹುದು, ಎಣಿಸಲಿ. ಆದರೆ ಕಾರ್ಡ್‌ಗೆ ಹೊಣೆ ನಿಮ್ಮದು, ‘ಕ್ಯಾಡಿ ಆರು ಅಂದ’ ಎಂಬ ಸಮಜಾಯಿಷಿ ನಡೆಯುವುದಿಲ್ಲ.

ಇನ್ನೊಂದು ಎಚ್ಚರಿಕೆ. ವಾರಾಂತ್ಯದ ಗೆಳೆಯರ ಆಟದಲ್ಲಿ ಗುಂಡಿಯ ಹತ್ತಿರದ ಚೆಂಡನ್ನು ‘ಬಿಡಿ, ಆಯ್ತು’ ಎಂದು ಎತ್ತಿಕೊಡುವ ರೂಢಿಯಿದೆ. ಸ್ಟೇಬಲ್‌ಫರ್ಡ್ ಸ್ಪರ್ಧೆಯಲ್ಲಿ ಅದಿಲ್ಲ. ಪಾಯಿಂಟ್ ಬೇಕೆಂದರೆ ಚೆಂಡು ಗುಂಡಿಗೆ ಬೀಳಲೇಬೇಕು. ಅರ್ಧ ಅಡಿ ದೂರದ ಚೆಂಡನ್ನು ಎತ್ತಿಬಿಟ್ಟರೆ ಆ ಹೋಲ್‌ಗೆ ಸೊನ್ನೆ. ಬರಬೇಕಿದ್ದ 3 ಪಾಯಿಂಟ್ ಒಂದು ಸೌಜನ್ಯಕ್ಕೆ ಹೋಗುತ್ತದೆ.

## ಹಂತ 5: ಯಾವಾಗ ಚೆಂಡೆತ್ತಬೇಕು

ಕಡೇ ಹೊಡೆತ ಮುಗಿಯಿತು, ಚೆಂಡು ಇನ್ನೂ ಹೊರಗಿದೆ. ಅಲ್ಲಿಗೆ ಆ ಹೋಲ್ ಮುಗಿಯಿತು. ಎತ್ತಿ ಜೇಬಿಗೆ ಹಾಕಿ. ಇದು ಸೋಲೊಪ್ಪುವುದೂ ಅಲ್ಲ, ನಿಯಮ ಮುರಿಯುವುದೂ ಅಲ್ಲ. ಹೀಗೆ ಎತ್ತಿ ಎಂದು ನಿಯಮವೇ ಪ್ರೋತ್ಸಾಹಿಸುತ್ತದೆ. ಒಟ್ಟು ಹೊಡೆತ ಎಣಿಸುವ ಸಾಮಾನ್ಯ ಸ್ಟ್ರೋಕ್ ಪ್ಲೇಯಲ್ಲಿ ಒಂದು ಹೋಲ್ ಮುಗಿಸದೆ ಮುಂದೆ ಹೋದರೆ ಸ್ಪರ್ಧೆಯಿಂದಲೇ ಹೊರಗೆ. ಇಲ್ಲಿ ಸೊನ್ನೆ ಮಾತ್ರ.

ಎತ್ತಿದ ಮೇಲೆ ನಿಮ್ಮ ಸ್ಕೋರ್ ಬರೆದುಕೊಳ್ಳುವ ಮಾರ್ಕರ್‌ಗೆ ಕೇಳುವಂತೆ ಹೇಳಿ. ಬಂಕರ್‌ನಲ್ಲಿದ್ದರೆ ಮರಳು ಸಮ ಮಾಡಿ. ನಿಮಗಿನ್ನು ಆ ಹೋಲ್‌ನಲ್ಲಿ ಕೆಲಸವಿಲ್ಲದ್ದರಿಂದ ಇತರರ ಚೆಂಡು ಹುಡುಕಬಹುದು, ಧ್ವಜ ಹಿಡಿಯಬಹುದು. ಹಿಂದಿನ ಗುಂಪು ಸೊಂಟದ ಮೇಲೆ ಕೈಯಿಟ್ಟು ಕಾಯುವುದು ತಪ್ಪುತ್ತದೆ.

ಎತ್ತುವುದರಲ್ಲಿ ತಪ್ಪು ಎರಡು ಬಗೆ. ತಡವಾಗಿ ಎತ್ತುವುದು ಕಣ್ಣಿಗೆ ಕಾಣುತ್ತದೆ, ಬೈಗುಳವೂ ಸಿಗುತ್ತದೆ. ಬೇಗ ಎತ್ತುವುದು ಯಾರಿಗೂ ಕಾಣುವುದಿಲ್ಲ, ಆದರೆ ಪಾಯಿಂಟ್ ತಿನ್ನುವುದು ಅದೇ. ಪಾರ್ 5 ಹೋಲ್, ಎರಡು ಚುಕ್ಕೆ, ಕಡೇ ಹೊಡೆತ 8. ಐದು ಹೊಡೆದರೂ ಗ್ರೀನ್ ಮುಟ್ಟಿಲ್ಲ, ಮನಸ್ಸು ಮುರಿದಿದೆ. ಆದರೆ ಒಂದು ಚಿಪ್, ಎರಡು ಪಟ್ ಆದರೆ ಎಂಟಕ್ಕೆ ಮುಗಿಯುತ್ತದೆ, 1 ಪಾಯಿಂಟ್. ಚಿಪ್ ಹತ್ತಿರ ನಿಂತು ಒಂದೇ ಪಟ್ ಸಾಕಾದರೆ 2. ಹೊಸಬರು ಬಹಳ ಸಲ ಇಂಥಲ್ಲೇ ಎತ್ತಿಬಿಡುತ್ತಾರೆ, ಇಲ್ಲವೇ ಸಿಟ್ಟಿನಲ್ಲಿ ಹೇಗೋ ಬಾರಿಸಿ ಹಾಳು ಮಾಡುತ್ತಾರೆ. ಸೊನ್ನೆಯನ್ನು ಒಂದು ಮಾಡುವ ಪಟ್‌ಗೂ, ಎರಡನ್ನು ಮೂರು ಮಾಡುವ ಪಟ್‌ಗೂ ಬೆಲೆ ಒಂದೇ. ಮೊದಲನೆಯದನ್ನು ಬೇಸರದಲ್ಲಿ, ಎರಡನೆಯದನ್ನು ಉಸಿರು ಬಿಗಿಹಿಡಿದು ಆಡುವುದೇಕೆ?

## ಒಂದು ಕಾರ್ಡ್ ಪೂರ್ತಿ ನೋಡೋಣ

ಪ್ಲೇಯಿಂಗ್ ಹ್ಯಾಂಡಿಕ್ಯಾಪ್ 28 ಇರುವ ಒಬ್ಬರ ಮೊದಲ ಒಂಬತ್ತು ಹೋಲ್ ಇಲ್ಲಿದೆ. ಪಾರ್ 36, ಕಾರ್ಡ್ ಉದಾಹರಣೆಗೆಂದು ಮಾಡಿದ್ದು.

| ಹೋಲ್ | ಪಾರ್ | ಸ್ಟ್ರೋಕ್ ಇಂಡೆಕ್ಸ್ | ಚುಕ್ಕೆ | ಕಡೇ ಹೊಡೆತ | ಗ್ರಾಸ್ | ಪಾಯಿಂಟ್ |
|---|---|---|---|---|---|---|
| 1 | 4 | 9 | 2 | 7 | 6 | 2 |
| 2 | 5 | 5 | 2 | 8 | 8 | 1 |
| 3 | 3 | 17 | 1 | 5 | 4 | 2 |
| 4 | 4 | 1 | 2 | 7 | 6 | 2 |
| 5 | 4 | 13 | 1 | 6 | 5 | 2 |
| 6 | 3 | 15 | 1 | 5 | – | 0 |
| 7 | 4 | 7 | 2 | 7 | 5 | 3 |
| 8 | 5 | 11 | 1 | 7 | 7 | 1 |
| 9 | 4 | 3 | 2 | 7 | 6 | 2 |

ಆರನೇ ಹೋಲ್‌ನಲ್ಲಿ ಆದದ್ದು ಇಷ್ಟು. ಟೀಯಿಂದ ಹೊಡೆದದ್ದು ನೀರಿಗೆ: ಹೊಡೆತ ಒಂದು, ದಂಡ ಒಂದು. ಮೂರನೆಯದೂ ನೀರಿಗೆ, ಮತ್ತೆ ದಂಡ, ನಾಲ್ಕಾಯಿತು. ಐದನೆಯದು ನೀರು ದಾಟಿತು, ಆದರೆ ಬಂಕರ್‌ಗೆ ಬಿತ್ತು. ಕಡೇ ಹೊಡೆತ 5, ಅದು ಮುಗಿದಿದೆ. ಚೆಂಡೆತ್ತಿ ಮುಂದಿನ ಟೀಗೆ ನಡೆದರು, ಏಳನೆಯದರಲ್ಲಿ 3 ಪಾಯಿಂಟ್ ಬಂತು. ಒಟ್ಟು 15.

ಇದೇ ಆಟ ಸ್ಟ್ರೋಕ್ ಪ್ಲೇ ಆಗಿದ್ದರೆ ಬಂಕರ್‌ನಿಂದ ಬಿಡುಗಡೆಯಿಲ್ಲ. ಒಂದು ಹೊಡೆತ ಮರಳಲ್ಲೇ ಉಳಿಯಿತು, ಇನ್ನೊಂದು ಗ್ರೀನ್ ಹಾರಿ ಆಚೆ ಬಿತ್ತು, ಒಂದು ಚಿಪ್, ಎರಡು ಪಟ್ ಎಂದಿಟ್ಟುಕೊಳ್ಳಿ, ಹತ್ತು. ಒಂಬತ್ತು ಹೋಲ್‌ನ ಗ್ರಾಸ್ 57. ಸಿಕ್ಕ ಚುಕ್ಕೆ 14 ಕಳೆದರೆ ನೆಟ್ 43, ಪಾರ್‌ಗಿಂತ 7 ಹೆಚ್ಚು. ಆ ಏಳರಲ್ಲಿ ಆರು ಬಂದದ್ದು ಆ ಒಂದೇ ಹೋಲ್‌ನಿಂದ, ಉಳಿದ ಎಂಟು ಹೋಲ್ ಸೇರಿ ಒಂದು. ಸ್ಟೇಬಲ್‌ಫರ್ಡ್‌ನಲ್ಲಿ ಒಂಬತ್ತು ಹೋಲ್‌ಗೆ ಇರಬೇಕಾದ 18ಕ್ಕೆ ಮೂರು ಕಡಿಮೆ. ಅದರಲ್ಲಿ ಕೆಟ್ಟ ಹೋಲ್‌ನ ಪಾಲು ಎರಡೇ. ಎಷ್ಟೇ ಕೆಟ್ಟರೂ ಒಂದು ಹೋಲ್ ನಿಮ್ಮಿಂದ ಕಿತ್ತುಕೊಳ್ಳುವುದು ಆ ಎರಡು ಪಾಯಿಂಟ್ ಮಾತ್ರ.

## ಇದು ಕಾಯುವುದು ಯಾರನ್ನು, ಯಾರನ್ನಲ್ಲ

ಸ್ಟೇಬಲ್‌ಫರ್ಡ್ ಎಲ್ಲ ಹೊಸಬರಿಗೂ ದಯೆ ತೋರುತ್ತದೆಂದು ತಿಳಿಯಬೇಡಿ. ಇಬ್ಬರು ಆಟಗಾರರನ್ನು ಪಕ್ಕಪಕ್ಕ ಇಡೋಣ. ಒಬ್ಬರು 15 ಹೋಲ್‌ಗಳಲ್ಲಿ ನೆಟ್ ಪಾರ್ ಆಡಿ, ಮೂರರಲ್ಲಿ ತಲಾ ಏಳು ಹೊಡೆತ ಹೆಚ್ಚು ಕೊಟ್ಟರು. ಇನ್ನೊಬ್ಬರು ಹದಿನೆಂಟೂ ಹೋಲ್‌ಗಳಲ್ಲಿ ನೆಟ್ ಪಾರ್‌ಗಿಂತ ಒಂದೊಂದು ಹೆಚ್ಚು ಆಡಿದರು. ಸ್ಟ್ರೋಕ್ ಪ್ಲೇಯಲ್ಲಿ ಮೊದಲಿನವರು 21 ಹೆಚ್ಚು, ಎರಡನೆಯವರು 18 ಹೆಚ್ಚು, ಗೆಲುವು ಎರಡನೆಯವರದು. ಸ್ಟೇಬಲ್‌ಫರ್ಡ್‌ನಲ್ಲಿ ಮೊದಲಿನವರಿಗೆ 30, ಎರಡನೆಯವರಿಗೆ 18.

ಅಂದರೆ ಹಾನಿ ಒಂದೆರಡು ಹೋಲ್‌ಗಳಲ್ಲಿ ಗುಡ್ಡೆಬಿದ್ದವರನ್ನು ಈ ಪದ್ಧತಿ ಕಾಯುತ್ತದೆ. ಪ್ರತಿ ಹೋಲ್‌ನಲ್ಲೂ ಸ್ವಲ್ಪ ಸ್ವಲ್ಪ ಸೋರುವವರನ್ನಲ್ಲ. ಕಾರ್ಡ್‌ನಲ್ಲಿ ಸೊನ್ನೆಗಳು ಐದಾರು ಇದ್ದರೆ ಅವು ಯಾವ ಬಗೆಯವು ಎಂದು ನೋಡಿ. ಕಡೇ ಹೊಡೆತಕ್ಕಿಂತ ಒಂದೇ ಒಂದು ಹೆಚ್ಚಾಗಿ ಸೊನ್ನೆಯಾದವು ಹಲವಿದ್ದರೆ ಮದ್ದು ಡ್ರೈವರ್‌ನಲ್ಲಿಲ್ಲ, ಮೂರು ಸಲ ಪಟ್ ಮಾಡುವುದನ್ನು ಎರಡಕ್ಕೆ ಇಳಿಸುವುದರಲ್ಲಿದೆ.

‘ಹೇಗೂ ಸೊನ್ನೆ ತಾನೇ’ ಎಂದು ಮರಗಳ ಸಂದಿಯಿಂದ ನೇರ ಗ್ರೀನ್‌ಗೆ ಹೊಡೆಯುವ ಧೈರ್ಯವೂ ಇದೇ ಪದ್ಧತಿಯಿಂದ ಹುಟ್ಟುತ್ತದೆ. ಪಾರ್ 4, ಕಡೇ ಹೊಡೆತ 7, ಎರಡು ಹೊಡೆದು ಮರದಡಿ ನಿಂತಿದ್ದೀರಿ. ಪಕ್ಕಕ್ಕೆ ಚಿಪ್ ಮಾಡಿ ಹೊರಬಂದರೆ ಮೂರು, ಗ್ರೀನ್‌ಗೆ ನಾಲ್ಕು, ಎರಡು ಪಟ್‌ಗೆ ಆರು, 2 ಪಾಯಿಂಟ್. ಸಂದಿಯಲ್ಲಿ ಹೊಡೆದು ಮರಕ್ಕೆ ಬಡಿದು ಹಿಂದೆ ಬಂದರೆ ಹೊಡೆತವೂ ಹೋಯಿತು, ಜಾಗವೂ ಕೆಟ್ಟಿತು. ದೊಡ್ಡ ಸಾಹಸಕ್ಕೆ ಸರಿಯಾದ ಹೊತ್ತು ಒಂದೇ: ಸುರಕ್ಷಿತ ದಾರಿಯಲ್ಲಿ ಹೋದರೂ ಕಡೇ ಹೊಡೆತದೊಳಗೆ ಮುಗಿಯುವುದಿಲ್ಲ ಎಂದು ಖಚಿತವಾದಾಗ.

## ಹಂತ 6: ಕಾರ್ಡ್ ಬರೆದು ಕೊಡುವುದು

ಮುಗಿಸಿದ ಹೋಲ್‌ಗಳಿಗೆ ಗ್ರಾಸ್ ಬರೆಯಿರಿ. ಪಾಯಿಂಟ್ ಬರೆದರೆ ಒಳ್ಳೆಯದು, ಆದರೆ ಪಾಯಿಂಟ್ ಕೂಡಿಸುವ ಹೊಣೆ ಸಮಿತಿಯದು. ಪ್ರತಿ ಹೋಲ್‌ನ ಹೊಡೆತ ಸರಿಯಿರಬೇಕಾದ ಹೊಣೆ ನಿಮ್ಮದು. ಗ್ರಾಸ್ ಬಿಟ್ಟು ಪಾಯಿಂಟ್ ಮಾತ್ರ ಬರೆದ ಕಾರ್ಡ್‌ನಲ್ಲಿ ಅವರಿಗೆ ಪರಿಶೀಲಿಸಲು ಏನೂ ಇರುವುದಿಲ್ಲ. ನೆಟ್ಟನ್ನು ಗ್ರಾಸ್ ಕಾಲಂನಲ್ಲಿ ಬರೆದರೆ ಇನ್ನೂ ಕಷ್ಟ. ಅಲ್ಲಿ ಮತ್ತೊಮ್ಮೆ ಚುಕ್ಕೆ ಕಳೆದು ನಿಮಗಿಲ್ಲದ ಪಾಯಿಂಟ್ ಬರುತ್ತದೆ, ಹೊಡೆತ ಕಡಿಮೆ ತೋರಿಸಿದ ಕಾರಣಕ್ಕೆ ಅನರ್ಹರಾಗಬಹುದು. ಎತ್ತಿದ ಹೋಲ್‌ಗೆ ಗ್ರಾಸ್ ಜಾಗದಲ್ಲಿ ಗೀಟು, ಪಾಯಿಂಟ್ ಜಾಗದಲ್ಲಿ 0. ‘ಸುಮಾರು ಎಂಟಾಗುತ್ತಿತ್ತು’ ಎಂದು ಊಹಿಸಿ ಬರೆಯಬೇಡಿ.

ಕೊಡುವ ಮುಂಚೆ ಒಂದು ತಾಳೆ ನೋಡಿ. ಎತ್ತಿದ ಅಥವಾ ಸೊನ್ನೆಯಾದ ಹೋಲ್‌ಗೆ ಕಡೇ ಹೊಡೆತಕ್ಕೆ ಒಂದು ಸೇರಿಸಿದ ಸಂಖ್ಯೆಯನ್ನು ಇಟ್ಟುಕೊಂಡು ಗ್ರಾಸ್ ಕೂಡಿಸಿ. ಆಮೇಲೆ:

```
ಪಾಯಿಂಟ್ = (2 × ಹೋಲ್ ಸಂಖ್ಯೆ) + ಪಾರ್ + ಚುಕ್ಕೆ − ಗ್ರಾಸ್
```

ಮೇಲಿನ ಕಾರ್ಡ್‌ನಲ್ಲಿ ಆರನೇ ಹೋಲ್‌ಗೆ 6 ಇಟ್ಟರೆ ಗ್ರಾಸ್ 53. 18 + 36 + 14 − 53 = 15. ಹೊಂದಿತು. ಹೊಂದದಿದ್ದರೆ ಯಾವುದೋ ಹೋಲ್‌ನ ಚುಕ್ಕೆಯೋ ಕೂಡಿಸಿದ ಲೆಕ್ಕವೋ ತಪ್ಪಿದೆ. ಸಾಮಾನ್ಯವಾಗಿ ಸಿಕ್ಕಿಬೀಳುವುದು ಎರಡನೇ ಚುಕ್ಕೆ ಮರೆತ ಹೋಲ್.

ಹ್ಯಾಂಡಿಕ್ಯಾಪ್ ದಾಖಲೆಗೂ ಇದೇ ಲೆಕ್ಕದ ಬೆನ್ನಿಗೆ ಇನ್ನೊಂದು ಲೆಕ್ಕವಿದೆ. ಹ್ಯಾಂಡಿಕ್ಯಾಪ್ ಇರುವವರಿಗೆ ಒಂದು ಹೋಲ್‌ನಲ್ಲಿ ದಾಖಲಾಗುವ ಗರಿಷ್ಠ ಸ್ಕೋರ್ ನೆಟ್ ಡಬಲ್ ಬೋಗಿ, ಅಂದರೆ ಪಾರ್‌ಗೆ ಎರಡು ಮತ್ತು ಚುಕ್ಕೆ ಸೇರಿಸಿದ್ದು. ಆರನೇ ಹೋಲ್‌ನಲ್ಲಿ ಅದು 6, ನೀವು ಹತ್ತು ಹೊಡೆದಿದ್ದರೂ ಅಷ್ಟೇ. ಇಲ್ಲಿ ಚುಕ್ಕೆ ಹಿಡಿಯುವುದು ಪೂರ್ತಿ ಕೋರ್ಸ್ ಹ್ಯಾಂಡಿಕ್ಯಾಪ್ ಮೇಲೆ, ಶೇ. 95ರ ಮೇಲಲ್ಲ; ಹಾಗಾಗಿ ಒಂದೆರಡು ಹೋಲ್‌ಗಳಲ್ಲಿ ನಿಮ್ಮ ಕಾರ್ಡ್‌ನ ಚುಕ್ಕೆಗಿಂತ ಒಂದು ಹೆಚ್ಚಿರಬಹುದು. ಇನ್ನೂ ಹ್ಯಾಂಡಿಕ್ಯಾಪ್ ಸಿಗದೆ ಮೊದಲ ಕಾರ್ಡ್‌ಗಳನ್ನು ಕೊಡುತ್ತಿರುವವರಿಗೆ ಆ ಗರಿಷ್ಠ ಪಾರ್‌ಗಿಂತ 5 ಹೆಚ್ಚು. ಹ್ಯಾಂಡಿಕ್ಯಾಪ್ ಪಡೆಯಲು ಒಟ್ಟು 54 ಹೋಲ್‌ಗಳ ಕಾರ್ಡ್ ಬೇಕು. ಒಂಬತ್ತು ಹೋಲ್‌ಗಳ ಕಾರ್ಡ್‌ಗಳನ್ನೂ ಸೇರಿಸಿ ಅಷ್ಟು ಮಾಡಬಹುದು.

ಕಡೆಗೆ ಮಾರ್ಕರ್ ಸಹಿ, ನಿಮ್ಮ ಸಹಿ. ಸಹಿಗೆ ಮುಂಚೆ ಮಾರ್ಕರ್ ಜೊತೆ ಹೋಲ್ ಹೋಲ್ ಆಗಿ ಗ್ರಾಸ್ ಓದಿ ಹೇಳಿ. ಗೀಟು ಹಾಕಿದ ಹೋಲ್‌ನಲ್ಲಿ ಮಾರ್ಕರ್ ಏನಾದರೂ ಸಂಖ್ಯೆ ಬರೆದಿದ್ದಾರೋ ಎಂದು ಅಲ್ಲೇ ನೋಡಿಕೊಳ್ಳಿ.